ನಾಯಿ ಬಾಯಲ್ಲಿರೋದನ್ನ ತಾನಾಗೇ ಬಿಡಬೇಕಾದರೆ

ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಬೆಳಿಗ್ಗೆ ನಾಯಿ ಕರೆದುಕೊಂಡು ಹೋಗುವವರು ನೋಡಿರುತ್ತೀರಿ, ಬಲೆ ಎಳೆದು ಮುಗಿದ ಮೇಲೆ ಮರಳಲ್ಲಿ ಏನೇನೋ ಬಿದ್ದಿರುತ್ತದೆ. ಮಾರೋಕೆ ಬಾರದ ಚಿಲ್ಲರೆ ಮೀನು, ಏಡಿ, ಗಾಳ ಸಿಕ್ಕಿಸಿದ ತುಂಡು ದಾರ. ಕೆಲವೊಮ್ಮೆ ಹೊಟ್ಟೆ ಉಬ್ಬಿಸಿಕೊಂಡು ಸತ್ತ ಪಫರ್ ಮೀನು. ನಾಯಿಗೆ ಎಲ್ಲವೂ ತಿಂಡಿಯೇ. ಆದರೆ ಪಫರ್ ಮೀನಿನ ಲಿವರ್, ಮೊಟ್ಟೆಚೀಲ, ಚರ್ಮದಲ್ಲಿ ಟೆಟ್ರೊಡೊಟಾಕ್ಸಿನ್ ಅನ್ನೋ ವಿಷ ಇರಬಹುದು. ನರಗಳಲ್ಲಿ ಸಂದೇಶ ಹರಿಯಲು ಸೋಡಿಯಂ ಒಳಹೋಗುವ ದಾರಿ ಬೇಕು, ಈ ವಿಷ ಅದನ್ನೇ ಮುಚ್ಚಿಬಿಡುತ್ತದೆ. ಮೊದಲು ಜೊಲ್ಲು, ವಾಂತಿ, ಆಮೇಲೆ ಕಾಲು ಸೋಲುತ್ತದೆ, ಜಾಸ್ತಿ ಹೋಗಿದ್ದರೆ ಉಸಿರಾಟವೂ ನಿಲ್ಲಬಹುದು. ಇದಕ್ಕೆ ಪ್ರತಿಮದ್ದು ಇಲ್ಲ.

ನಾಯಿ ಏನನ್ನೋ ಬಾಯಿಗೆ ಹಾಕಿಕೊಂಡರೆ ನಾವು ಮಾಡೋದೇನು? ಕೂಗ್ತಾ ಓಡಿಹೋಗಿ ದವಡೆ ಬಿಡಿಸಿ ಬೆರಳು ತೂರಿಸುತ್ತೇವೆ. ನಾಯಿಯ ಕಡೆಯಿಂದ ನೋಡಿ. ಮನುಷ್ಯರ ಕೈ ಹತ್ತಿರ ಬಂದಾಗಲೆಲ್ಲ ಒಳ್ಳೆ ಮಾಲು ಹೋಗುತ್ತದೆ, ಹಾಗಾದರೆ ಕೈ ಬರೋದರೊಳಗೆ ನುಂಗಿಬಿಡಬೇಕು. ನಾಯಿಗೆ ಅಗಿದು ತಿನ್ನುವ ಅಭ್ಯಾಸ ಕಡಿಮೆ, ಸಣ್ಣ ಮೀನಾದರೆ ಗುಳುಂ ಅಂತ ಇಡಿಯಾಗಿ ಹೋಗುತ್ತದೆ. ಅಟ್ಟಿಸಿಕೊಂಡು ಹೋದಷ್ಟೂ ನುಂಗುವ ಚಟ ನಾವೇ ಕಲಿಸಿದ ಹಾಗೆ.

ಬಿಡಿಸೋ ಪಾಠವನ್ನು ಬಾಯಿ ಖಾಲಿ ಇರುವಾಗ ಶುರು ಮಾಡಬೇಕು. ಮನೆಯೊಳಗೆ, ನಾಯಿ ಸುಮ್ನೆ ನಿಂತಿರುವಾಗ ‘ಸೋಡ್’ ಅನ್ನಿ, ಕೊಂಕಣಿಯಲ್ಲಿ ‘ಬಿಡು’ ಅಂತ. ಕಾರವಾರದಲ್ಲಿ ಕೆಲವು ಮನೆಗಳಲ್ಲಿ ಕೊಂಕಣಿ, ಕೆಲವು ಮನೆಗಳಲ್ಲಿ ಕನ್ನಡ, ಯಾವ ಪದ ಆದರೂ ಅಡ್ಡಿಯಿಲ್ಲ, ಮನೆಮಂದಿಯೆಲ್ಲ ಅದನ್ನೇ ಹೇಳಬೇಕು ಅಷ್ಟೇ. ಪದ ಹೇಳಿ ಒಂದು ಕ್ಷಣ ಬಿಟ್ಟು, ಬೇಯಿಸಿದ ಕೋಳಿಯ ಚಿಕ್ಕ ಚಿಕ್ಕ ನಾಲ್ಕೈದು ತುಂಡುಗಳನ್ನು ನೆಲದ ಮೇಲೆ ಚೆಲ್ಲಿ. ಪದ ಮೊದಲು, ಕೈ ಅಲ್ಲಾಡೋದು ಆಮೇಲೆ. ಎರಡೂ ಒಟ್ಟಿಗೆ ಆದರೆ ನಾಯಿ ಕೈಯನ್ನೇ ನೋಡುತ್ತದೆ, ಪದ ಕಿವಿಗೇ ಬೀಳೋದಿಲ್ಲ. ಅದು ತಿನ್ನುವಾಗ ಬೆರಳಿನಿಂದ ತುಂಡು ತೋರಿಸ್ತಾ ಪಕ್ಕದಲ್ಲೇ ಕೂತಿರಿ, ಕೈ ಹತ್ತಿರ ಬಂದರೆ ನಷ್ಟ ಇಲ್ಲ ಅಂತ ಅದಕ್ಕೆ ಗೊತ್ತಾಗಲಿ. ಪದ ಕೇಳಿದ ತಕ್ಷಣ ಮೂತಿ ನೆಲದ ಕಡೆ ತಿರುಗಿದರೆ, ಚೆಲ್ಲೋಕೆ ಮೊದಲೇ, ಆಗ ಪದ ಕೂತಿದೆ ಅಂತ ಲೆಕ್ಕ.

ಆಮೇಲೆ ಬಾಯಿಗೆ ಏನಾದರೂ ಕೊಡಿ. ಅಷ್ಟೇನೂ ಆಸೆ ಇಲ್ಲದ ವಸ್ತು, ಹಳೇ ಹಗ್ಗದ ತುಂಡು ಸಾಕು. ಪಕ್ಕದ ಮನೆಯ ಮೋತಿಗೆ ಹೀಗೇ ಶುರುವಾಯಿತು. ‘ಸೋಡ್’ ಅಂದಾಗ ಕೋಳಿ ತಿನ್ನಬೇಕಾದರೆ ಬಾಯಿ ತೆರೆಯಲೇಬೇಕಲ್ವಾ, ಹಗ್ಗ ತಾನಾಗೇ ಬಿತ್ತು. ಅದು ತಿನ್ನುತ್ತಿರುವಾಗ ಹಗ್ಗ ಎತ್ತಿಕೊಂಡು, ತಿಂದು ಮುಗಿಸಿದ ಮೇಲೆ ವಾಪಸ್ ಕೊಟ್ಟರು. ಜನ ಬಿಟ್ಟುಬಿಡೋದು ಈ ವಾಪಸ್ ಕೊಡೋದನ್ನೇ. ಹತ್ತು ಸಲ ಬಿಟ್ಟದ್ದರಲ್ಲಿ ಎಂಟೊಂಬತ್ತು ಸಲ ವಾಪಸ್ ಸಿಕ್ಕಿದರೆ, ಮೀನಿನ ತಲೆ ಕಳೆದುಕೊಂಡ ಒಂದು ಸಲ ನಾಯಿಗೆ ಮೋಸ ಅನ್ನಿಸೋದಿಲ್ಲ. ಹಗ್ಗ ಆದ ಮೇಲೆ ಚೆಂಡು, ಆಮೇಲೆ ಅಗಿಯುವ ಎಲುಬು, ಹೀಗೆ ಒಂದೊಂದೇ ಮೆಟ್ಟಿಲು. ವಸ್ತುವಿನ ಆಸೆ ಜಾಸ್ತಿಯಾದಂತೆ ತಿಂಡಿಯೂ ಮೇಲಿನದ್ದೇ ಆಗಬೇಕು. ಮೈ ಬಿಗಿ ಮಾಡಿ ತಲೆ ತಗ್ಗಿಸಿ ಕಣ್ಣಂಚಿನಿಂದ ನೋಡಿದರೆ, ಗುರ್ರೆಂದರೆ, ನೀವು ಮೆಟ್ಟಿಲು ಹಾರಿದ್ದೀರಿ, ಹಿಂದಕ್ಕೆ ಬನ್ನಿ.

ಆದರೆ ಬಂಗಡೆಯ ಮರಿ ಬಾಯಿಗೆ ಹೋದ ಮೇಲೆ ‘ಸೋಡ್’ ಅನ್ನಲು ಸಮಯ ಎಲ್ಲಿದೆ? ಅದಕ್ಕೇ ‘ಬೇಡ’ ಕಲಿಸೋದು, ಮೂತಿ ಹಾಕೋಕೆ ಮೊದಲೇ ತಡೆಯೋಕೆ. ಮುಷ್ಟಿಯಲ್ಲಿ ತಿಂಡಿ ಮುಚ್ಚಿ ಹಿಡಿಯಿರಿ. ನಾಯಿ ನೆಕ್ಕುತ್ತದೆ, ಕೆರೆಯುತ್ತದೆ, ಸಿಗದಿದ್ದಾಗ ಸ್ವಲ್ಪ ಹೊತ್ತು ಇನ್ನೂ ಜೋರು ಮಾಡುತ್ತದೆ. ಅದು ಸಹಜ, ಆಗ ಕೈ ಬಿಚ್ಚಿದರೆ ಮಾತ್ರ ಜೋರು ಮಾಡಿದರೆ ಸಿಗುತ್ತದೆ ಅಂತ ಕಲಿಯುತ್ತದೆ. ಮೂತಿ ಒಂದಿಷ್ಟು ಹಿಂದೆ ಸರಿದ ಕ್ಷಣ ‘ಶಾಬಾಶ್’ ಅಂದು ಇನ್ನೊಂದು ಕೈಯಿಂದ ಬೇರೆ ತಿಂಡಿ ಕೊಡಿ. ಮುಷ್ಟಿಯಲ್ಲಿದ್ದದ್ದು ಯಾವತ್ತೂ ಸಿಗಬಾರದು. ಸರಿಯೋದು ಖಾತ್ರಿಯಾದ ಮೇಲೆ ‘ಬೇಡ’ ಪದ ಸೇರಿಸಿ, ಅಂಗೈ ಬಿಚ್ಚಿ, ನಂತರ ನೆಲದ ಮೇಲಿಟ್ಟು ಪಾದ ಮುಚ್ಚಲು ಸಿದ್ಧವಾಗಿ, ಕೊನೆಗೆ ನಾಯಿಯ ಹಗ್ಗ ಹಿಡಿದು ಆ ತಿಂಡಿಯ ಪಕ್ಕದಲ್ಲೇ ನಡೆಯಿರಿ. ಮನೆಯಲ್ಲಿ ಕಲಿತದ್ದು ಬೀಚಿನಲ್ಲಿ ಅರ್ಧ ಮರೆತುಹೋಗುತ್ತದೆ, ಹಾಗಾಗಿ ಅಲ್ಲಿ ಮತ್ತೆ ಸುಲಭದಿಂದಲೇ ಶುರು.

ಇಷ್ಟೆಲ್ಲ ಆದರೂ ಯಾವ ಪದವೂ ನೂರಕ್ಕೆ ನೂರು ಕೆಲಸ ಮಾಡೋದಿಲ್ಲ. ಬಲೆ ಎಳೆದ ಜಾಗದಲ್ಲಿ ಹಗ್ಗ ಬಿಡಬೇಡಿ, ತೀರಾ ಹೊಟ್ಟೆಬಾಕ ನಾಯಿಯಾದರೆ ಬಾಯಿಗೆ ಬುಟ್ಟಿಯಂಥ ಮಜಲ್ ಹಾಕಿ, ಅದರೊಳಗೆ ಅದು ತೇಕಬಹುದು, ನೀರೂ ಕುಡಿಯಬಹುದು. ಗಾಳ ನುಂಗಿ ಬಾಯಿಂದ ದಾರ ನೇತಾಡುತ್ತಿದ್ದರೆ ಅದನ್ನು ಎಳೆಯಲೂ ಬೇಡಿ, ಬಾಯಿ ಹತ್ತಿರ ಕತ್ತರಿಸಲೂ ಬೇಡಿ, ವಾಂತಿ ಮಾಡಿಸಲೂ ಬೇಡಿ. ಎಳೆದರೆ ಗಾಳ ಅನ್ನನಾಳಕ್ಕೆ ಇನ್ನೂ ಆಳವಾಗಿ ಚುಚ್ಚುತ್ತದೆ, ದಾರ ಇದ್ದರೆ ಗಾಳ ತೆಗೆಯಲು ಪಶುವೈದ್ಯರಿಗೆ ಅನುಕೂಲವಾಗಬಹುದು. ದಾರದ ತುದಿಯನ್ನು ಕೊರಳಪಟ್ಟಿಗೆ ಸಡಿಲವಾಗಿ ಕಟ್ಟಿ, ಏನನ್ನೂ ತಿನ್ನಿಸದೆ ಎಕ್ಸ್‌ರೇ ಇರುವ ಕಡೆ ಕರೆದುಕೊಂಡು ಹೋಗಿ.