ಹಾಲು ಬಿಟ್ಟರೂ ಉಬ್ಬುವ ಹೊಟ್ಟೆ: ಐಬಿಎಸ್ಸೋ, ಆಹಾರ ಒಗ್ಗದಿರುವುದೋ?

ಗುಳೇದಗುಡ್ಡದ ನೇಕಾರರ ಮನೆಯ 34 ವರ್ಷದ ಹೆಣ್ಣುಮಗಳು ಬಾಗಲಕೋಟೆಯಲ್ಲಿ ನಮ್ಮ ಹೊರರೋಗಿ ವಿಭಾಗಕ್ಕೆ ಬಂದಾಗ ಹೇಳಿದ್ದು ಇಷ್ಟು: "ಹಾಲು ಬಿಟ್ಟು ಎರಡು ತಿಂಗಳಾತ್ರಿ. ಆದ್ರೂ ಸಂಜೀಕ ಹೊಟ್ಟಿ ಉಬ್ಬಿ ಸೀರಿ ಬಿಗಿ ಆಕ್ಕೈತಿ." ಮೂರು ದಿನ ಆಡಿನ ಹಿಕ್ಕೆಯಂಥ ಗಟ್ಟಿ ಮಲ, ಆಮೇಲೆ ಎರಡು ದಿನ ತೆಳುಭೇದಿ. ವಾರದಲ್ಲಿ ಎರಡು ಮೂರು ದಿನ ಹೊಟ್ಟೆನೋವು, ಶೌಚ ಆದೊಡನೆ ಕಡಿಮೆ. ಹೀಗೆ ಒಂದು ವರ್ಷ. ಇದು ಐಬಿಎಸ್ಸೋ, ಅಂದರೆ ಪರೀಕ್ಷೆಯಲ್ಲಿ ಕರುಳು ಸರಿಯಿದ್ದಂತೆ ಕಂಡರೂ ಅದರ ಕೆಲಸ ಏರುಪೇರಾಗಿ ನೋವು ಕೊಡುವ ತೊಂದರೆಯೋ, ಆಹಾರ ಒಗ್ಗದಿರುವುದೋ?

ಇಲ್ಲಿ ಮೊದಲು ಕೇಳಬೇಕಾದ್ದು, ಹಾಲು ಒಗ್ಗದಿರುವುದರಿಂದ ಇದೆಲ್ಲ ಆಗಬಲ್ಲುದೇ ಎಂದು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಸಣ್ಣ ಕರುಳಿನಲ್ಲಿ ಕಡಿಮೆಯಿದ್ದರೆ ಅದು ನೀರನ್ನು ಎಳೆದುಕೊಂಡು ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಗಾಳಿ ಮಾಡುತ್ತವೆ. ಸಾಮಾನ್ಯವಾಗಿ ಕುಡಿದ ಅರ್ಧ ಗಂಟೆಯಿಂದ ಎರಡು ಮೂರು ಗಂಟೆಯೊಳಗೆ ಗುಡುಗುಡು ಶಬ್ದ, ಉಬ್ಬರ, ಭೇದಿ. ತೊಂದರೆ ಪ್ರಮಾಣಕ್ಕೆ ತಕ್ಕಂತೆ: ಚಹಾದ ಹಾಲು ತಡೆದುಕೊಂಡವರಿಗೂ ಹಾಲು ಬತ್ತಿಸಿ ಮಾಡಿದ ಬೆಳಗಾವಿ ಕುಂದಾ ಕಾಡಬಹುದು. ಆದರೆ ಮೂರು ದಿನದ ಮಲಬದ್ಧತೆಗೆ ಇದರಲ್ಲಿ ಉತ್ತರ ಸಿಗುವುದು ಕಷ್ಟ.

ಆದ್ದರಿಂದ ಹಾಲನ್ನೇ ಮತ್ತೆ ಕೊಟ್ಟು ನೋಡಿದೆವು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ 200 ಮಿಲಿ ಹಾಲು, ಅಂದರೆ ಸುಮಾರು 10 ಗ್ರಾಂ ಲ್ಯಾಕ್ಟೋಸ್. ಮೂರು ದಿನ ಬಿಟ್ಟು ಇನ್ನೊಮ್ಮೆ. ಎರಡೂ ಸಲ ಏನೂ ಆಗಲಿಲ್ಲ.

ಇನ್ನು ಉಳಿದದ್ದು ಐಬಿಎಸ್. ಅದಾದರೆ ನೋವು ವಾರಕ್ಕೆ ಒಂದು ದಿನವಾದರೂ, ಮೂರು ತಿಂಗಳಿಂದ ಇರಬೇಕು. ಶುರುವಾಗಿ ಆರು ತಿಂಗಳಾದರೂ ಆಗಿರಬೇಕು. ನೋವಿಗೆ ಶೌಚದೊಂದಿಗೆ, ಅದು ಎಷ್ಟು ಸಲ ಎಂಬುದರ ಬದಲಾವಣೆಯೊಂದಿಗೆ, ಮಲದ ಗಟ್ಟಿ-ತೆಳುವಿನ ಬದಲಾವಣೆಯೊಂದಿಗೆ, ಈ ಮೂರರಲ್ಲಿ ಎರಡರ ಜೊತೆಯಾದರೂ ನಂಟಿರಬೇಕು. ಐಬಿಎಸ್ ಗುರುತಿಸಲು ವೈದ್ಯರು ಬಳಸುವ ರೋಮ್ ಮಾನದಂಡ ಇದು. ಈಕೆಗೆ ಮಿಶ್ರ ಬಗೆಯ ಐಬಿಎಸ್ ಸರಿಹೊಂದಿತು. ರಕ್ತ ಬೀಳುವುದು, ತೂಕ ಇಳಿಯುವುದು, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಯಾವುದೂ ಇರಲಿಲ್ಲ. ಇದ್ದಿದ್ದರೆ ದಾರಿಯೇ ಬೇರೆ. ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಸಣ್ಣ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆಯನ್ನು ಚಪಾತಿ ಬಿಡಿಸುವ ಮೊದಲೇ ಮಾಡಿಸಿದೆವು. ಗೋಧಿ ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆಯಿದ್ದರೂ ಇಲ್ಲವೆಂದು ಬರಬಹುದು.

ನಾನು ಎಡವಿದ ಜಾಗ ಇನ್ನೊಂದು. ಎರಡು ವಾರದ ಊಟದ ಬರಹದಲ್ಲಿ ಉಬ್ಬರ ಜಾಸ್ತಿಯಿದ್ದ ದಿನಗಳಲ್ಲೆಲ್ಲ ಜೋಳದ ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಚಟ್ನಿ ಇತ್ತು. "ಹಾಗಾದರೆ ಇದು ಐಬಿಎಸ್ ಅಲ್ಲ, ಉಳ್ಳಾಗಡ್ಡಿ ಒಗ್ಗದಿರುವುದು" ಎಂದು ಬರೆದುಬಿಟ್ಟೆ. ತಪ್ಪು. ಅವುಗಳ ಫ್ರಕ್ಟಾನ್ ಎಂಬ ಸಕ್ಕರೆ ಸರಪಳಿಯನ್ನು ಯಾರ ಸಣ್ಣ ಕರುಳೂ ಒಡೆಯಲಾರದು. ಗಾಳಿ ನಿಮಗೂ ನನಗೂ ಆಗುತ್ತದೆ. ಐಬಿಎಸ್ ಇರುವವರ ಕರುಳು ಅದೇ ಗಾಳಿಯನ್ನು ನೋವಾಗಿ ಗ್ರಹಿಸುತ್ತದೆ. ಆಹಾರ ಕೆಣಕುತ್ತದೆ ಎಂದಮಾತ್ರಕ್ಕೆ ಐಬಿಎಸ್ ಅಳಿಸಿಹೋಗುವುದಿಲ್ಲ.

ಹಾಲು, ಮೊಸರು ವಾಪಸು ಕೊಟ್ಟೆವು. ದಿನಕ್ಕೊಂದು ಚಮಚ ಇಸಬಗೋಲು, ನಿಧಾನವಾಗಿ ಏರಿಸುತ್ತ. ಮೂರು ವಾರ ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿಟ್ಟಾಗ ಉಬ್ಬರ ಅರ್ಧಕ್ಕಿಳಿಯಿತು. ಆಮೇಲೆ ಒಂದೊಂದನ್ನೇ ಸ್ವಲ್ಪ ಸ್ವಲ್ಪ ಕೊಡುತ್ತ ಬಂದೆವು: ಉಳ್ಳಾಗಡ್ಡಿಯ ಗಡ್ಡೆ ಕಾಲು ಭಾಗ ದಾಟಿದರೆ ಉಬ್ಬರ, ಅದರ ಹಸಿರು ತಪ್ಪಲು ಎಷ್ಟು ತಿಂದರೂ ತೊಂದರೆಯಿಲ್ಲ. ಈಗ ಅವರ ರೊಟ್ಟಿಯ ಪಕ್ಕಕ್ಕೆ ತಪ್ಪಲು ಬಂದಿದೆ.