ಕನಸಿನಲ್ಲಿ ಕಟ್ಟಡ ಕುಸಿದರೆ ನಾನು ಕೇಳುವ ಪ್ರಶ್ನೆ

ನೆಲ ನಡುಗುವ, ಮನೆ ಕುಸಿಯುವ ಕನಸು ಮತ್ತೆ ಮತ್ತೆ ಬೀಳತೊಡಗಿದರೆ ನಮ್ಮ ಕರಾವಳಿಯ ಜನ ಮೊದಲು ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ, ವಾಸ್ತು ನೋಡಿಸುತ್ತಾರೆ. ಮನೋವೈದ್ಯನ ಸರದಿ ಕೊನೆಗೆ. ಅದರ ಬಗ್ಗೆ ನನಗೆ ತಕರಾರಿಲ್ಲ. ಕನಸಿಗೆ ಸಿದ್ಧ ಅರ್ಥಗಳ ಪಟ್ಟಿ ಹಿಡಿದು ಕೂರುವವರ ಬಗ್ಗೆ ಮಾತ್ರ ಇದೆ.

ಬಿಜೈ ಕಡೆಯ ಫ್ಲ್ಯಾಟಿನಲ್ಲಿ ಅತ್ತೆಯೊಂದಿಗೆ ಇರುವ ಮಹಿಳೆಯೊಬ್ಬರು ಬಂದಿದ್ದರು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಗಂಡ ಗಲ್ಫ್‌ನಲ್ಲಿ. ಕನಸಿನಲ್ಲಿ ಅವರ ಕಟ್ಟಡ ನಡುಗುತ್ತದೆ, ಪಾರ್ಕಿಂಗ್‌ನ ಕಂಬ ಸೀಳುತ್ತದೆ. ಬೆಳಗಿನ ಜಾವ ಎದೆ ಹೊಡೆದುಕೊಂಡು ಎಚ್ಚರವಾಗುತ್ತದೆ. ಕನಸು ದಟ್ಟವಾಗುವ ನಿದ್ರೆಯ ಹಂತ ರಾತ್ರಿಯ ಉತ್ತರಾರ್ಧದಲ್ಲಿ ಹೆಚ್ಚಿರುವುದರಿಂದ ಹೊತ್ತು ಸರಿಯಾಗಿಯೇ ಇತ್ತು.

ಕಟ್ಟಡ ಏನನ್ನು ಸೂಚಿಸುತ್ತದೆ ಎಂದು ನಾನು ಕೇಳುವುದಿಲ್ಲ. ಆ ಕ್ಷಣದಲ್ಲಿ ಏನನ್ನಿಸಿತು ಎಂದು ಕೇಳುತ್ತೇನೆ. ಅಮೆರಿಕದ ಮನೋವೈದ್ಯ ಅರ್ನೆಸ್ಟ್ ಹಾರ್ಟ್‌ಮನ್ ಅವರ ವಾದವೂ ಇದೇ ದಿಕ್ಕಿನದು: ಮನಸ್ಸನ್ನು ಆಳುತ್ತಿರುವ ಭಾವವೇ ಕನಸಿನ ಮುಖ್ಯ ಚಿತ್ರವಾಗುತ್ತದೆ. ಬೆಂಕಿಯಿಂದ ಪಾರಾದವರು ಬೆಂಕಿಯ ಬದಲು ತಮ್ಮನ್ನು ಕೊಚ್ಚಿಕೊಂಡು ಹೋಗುವ ದೈತ್ಯ ಅಲೆಯ ಕನಸು ಕಾಣುವುದನ್ನು ಅವರು ಉದಾಹರಿಸುತ್ತಿದ್ದರು.

"ಸಾಯುವ ಹೆದರಿಕೆ ಅಲ್ಲ ಡಾಕ್ಟರೇ, ಬಿರುಕು ಕಂಡದ್ದು ನನಗೊಬ್ಬಳಿಗೇ. ಉಳಿದವರೆಲ್ಲ ನಿದ್ದೆಯಲ್ಲಿರುತ್ತಾರೆ" ಎಂದರು. ಎಚ್ಚರದಲ್ಲಿ ಹಾಗೆ ಅನ್ನಿಸುವುದು ಯಾವಾಗ ಎಂದು ಕೇಳಿದೆ. ಗಂಡನ ಸಂಬಳ ಕೆಲವು ತಿಂಗಳಿಂದ ತಡವಾಗುತ್ತಿತ್ತು, ಗೃಹಸಾಲದ ಕಂತಿಗೆ ಒಡವೆ ಅಡವಿಟ್ಟಿದ್ದರು. ಅತ್ತೆಗೆ ಹೇಳಿರಲಿಲ್ಲ. ಕನಸು ಶುರುವಾದದ್ದು ಒಡವೆ ಅಡವಿಟ್ಟ ವಾರದಲ್ಲಿ. ಸಾಲಕ್ಕಿಂತ, ಅದನ್ನು ಒಬ್ಬರೇ ಹೊತ್ತದ್ದು ಅವರನ್ನು ಅಲುಗಾಡಿಸಿತ್ತು.

ಚಿಕಿತ್ಸೆ ಸರಳ. ಹಗಲಿನಲ್ಲಿ ಆ ಕನಸನ್ನು ಬರೆದು, ಕಥೆಯನ್ನು ತಮಗೆ ಒಪ್ಪುವಂತೆ ಬದಲಿಸಿ, ಹೊಸದನ್ನು ದಿನಕ್ಕೆ ಹತ್ತಿಪ್ಪತ್ತು ನಿಮಿಷ ಕಣ್ಣೆದುರು ತಂದುಕೊಳ್ಳಬೇಕು. ಬದಲಾವಣೆ ಏನೆಂದು ವೈದ್ಯ ಹೇಳಿಕೊಡಬಾರದು. ಕಂಬ ಗಟ್ಟಿಯಾಗುತ್ತದೆ ಎಂದು ಬರೆಯುತ್ತಾರೇನೋ ಎಂದುಕೊಂಡಿದ್ದೆ. ಅವರು ಬರೆದದ್ದು ಬೇರೆ: ಪ್ರತಿ ಮನೆಯ ಕರೆಗಂಟೆ ಒತ್ತುತ್ತಾರೆ, ಎಲ್ಲರೂ ಕೆಳಗಿಳಿಯುತ್ತಾರೆ. ಕೆಲವು ವಾರಗಳಲ್ಲಿ ಕನಸು ವಿರಳವಾಯಿತು. ಅಷ್ಟರಲ್ಲಿ ಅತ್ತೆಗೂ ವಿಷಯ ಹೇಳಿದ್ದರು, ಆದ್ದರಿಂದ ಪೂರ್ತಿ ಶ್ರೇಯಸ್ಸನ್ನು ಚಿಕಿತ್ಸೆಗೆ ಕೊಡಲಾರೆ. ಸಂಬಳ ಮಾತ್ರ ಈಗಲೂ ತಡ.

ಎಲ್ಲ ಕುಸಿತವೂ ಇಂಥದ್ದಲ್ಲ. 2022ರಲ್ಲಿ ಸುಳ್ಯ, ಸಂಪಾಜೆ ಕಡೆ ನೆಲ ನಿಜವಾಗಿಯೇ ಕಂಪಿಸಿತ್ತು. ಅಂಥ ಘಟನೆಯನ್ನು ಅನುಭವಿಸಿದವರಿಗೆ ಅದೇ ಶಬ್ದ, ಅದೇ ಕೋಣೆ ಮರುಕಳಿಸಿದರೆ, ಹಗಲಲ್ಲೂ ಸಣ್ಣ ಸದ್ದಿಗೆ ಬೆಚ್ಚಿದರೆ, ಅದು ಆಘಾತದ ನೆನಪು. ಅದಕ್ಕೆ ಚಿಕಿತ್ಸೆಯ ದಾರಿ ಬೇರೆ. ರಕ್ತದೊತ್ತಡಕ್ಕೋ ನಡುಕಕ್ಕೋ ಪ್ರೊಪ್ರನಲಾಲ್‌ನಂಥ ಮಾತ್ರೆ ಶುರುವಾದ ಮೇಲೆ ದುಃಸ್ವಪ್ನ ಬಂದಿದ್ದರೆ, ಅದನ್ನು ತಾವೇ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರಿಗೆ ಮೊದಲು ತಿಳಿಸಬೇಕು.