ಕೆಮ್ಮು ಧೂಳಿನದೋ, ಬೀಡಿಯದೋ, ಎರಡೂ ಸೇರಿದ್ದೋ?

ಕಲಬುರಗಿ ಜಿಲ್ಲೆಯ ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಫರ್ಸಿ ಕಲ್ಲಿನ ಕೆಲಸ ಜಾಸ್ತಿ. ಆ ಕಲ್ಲನ್ನು ಕೊಯ್ಯುವ, ಪಾಲಿಶ್ ಮಾಡುವ ಜಾಗದಲ್ಲಿ ಸಂಜೆ ಹೊತ್ತಿಗೆ ಕೆಲಸಗಾರರ ಹುಬ್ಬು, ರೆಪ್ಪೆ ಎಲ್ಲ ಧೂಳು ಹಿಡಿದಿರುತ್ತವೆ. ಅಂಥವರಲ್ಲಿ ತಿಂಗಳುಗಟ್ಟಲೆ ಬಿಡದ ಕೆಮ್ಮು ಏಕೆ ಅಂತ ಕೇಳಿದರೆ ಮೂರು ಬಗೆಯ ಉತ್ತರ ಬರಬಹುದು.

“ಧೂಳಿಗೆ ಬರ್ತದ್ರಿ” ಎನ್ನುವವರು ಒಬ್ಬರು. “ಬೀಡಿ ಸೇದ್ತಾರಲ್ರಿ, ಅದಕ್ಕ ಕೆಮ್ಮು” ಎನ್ನುವವರು ಇನ್ನೊಬ್ಬರು. ಮೂರನೆಯವರು “ಬೀಡಿ ಸೇದೋರಿಗೆ ಧೂಳು ಜಾಸ್ತಿ ಹೊಡೀತದ” ಎನ್ನುತ್ತಾರೆ.

ಎರಡನೆಯ ಮಾತೂ ಮೂರನೆಯ ಮಾತೂ ಮೇಲ್ನೋಟಕ್ಕೆ ಒಂದೇ ಅನಿಸುತ್ತವೆ. ಎರಡರಲ್ಲೂ ಬೀಡಿ ಇದೆ. ಆದರೆ ಎರಡನೆಯವರು ಹೇಳುತ್ತಿರುವುದು ಕನ್‌ಫೌಂಡಿಂಗ್ ಬಗ್ಗೆ. ಅಂದರೆ ಬೀಡಿಯ ತಪ್ಪು ಧೂಳಿನ ಲೆಕ್ಕಕ್ಕೆ ಬಿದ್ದಿದೆ ಅಂತ. ಮೂರನೆಯವರದು ಎಫೆಕ್ಟ್ ಮಾಡಿಫಿಕೇಶನ್. ಧೂಳು ಮಾಡುವ ಹಾನಿಯೇ ಬೀಡಿ ಸೇದುವವರಲ್ಲಿ ಬೇರೆ, ಸೇದದವರಲ್ಲಿ ಬೇರೆ ಅಂತ. ಕನ್‌ಫೌಂಡಿಂಗ್ ನಮ್ಮ ಲೆಕ್ಕದಲ್ಲಿ ಸೇರಿಕೊಂಡ ದೋಷ, ಅದನ್ನು ತೆಗೆದುಹಾಕಬೇಕು. ಎಫೆಕ್ಟ್ ಮಾಡಿಫಿಕೇಶನ್ ನಿಜವಾಗಿ ಇರುವ ಸಂಗತಿ, ಅದನ್ನು ಜನರಿಗೆ ಹೇಳಬೇಕು. ಒಂದನ್ನು ಇನ್ನೊಂದು ಅಂದುಕೊಂಡರೆ ಹೇಳಬೇಕಾದ್ದನ್ನೇ ಅಳಿಸಿಬಿಡುತ್ತೇವೆ.

ಇವೆರಡನ್ನೂ ಬೇರೆ ಮಾಡಲು ದೊಡ್ಡ ಗಣಿತ ಬೇಡ. ಟೂ-ಬೈ-ಟೂ ಟೇಬಲ್, ಅಂದರೆ ನಾಲ್ಕು ಮನೆಯ ಕೋಷ್ಟಕ ಸಾಕು. ಇಲ್ಲಿನ ಎರಡು ಊರಿನ ಅಂಕಿಗಳು ವಿಷಯ ತಿಳಿಯಲೆಂದು ನಾನೇ ಕಟ್ಟಿದವು, ಯಾವ ಸರ್ವೆಯವೂ ಅಲ್ಲ.

ಮೊದಲ ಊರಿನಲ್ಲಿ ಕಲ್ಲಿನ ಕೆಲಸದವರು 200 ಜನ, ತೊಗರಿ ಹೊಲದಲ್ಲಿ ದುಡಿಯುವವರು 200 ಜನ ಅಂತ ಇಟ್ಟುಕೊಳ್ಳೋಣ.

| | ಕೆಮ್ಮು ಇದೆ | ಇಲ್ಲ | ಒಟ್ಟು |
|---|---|---|---|
| ಕಲ್ಲಿನ ಕೆಲಸ | 78 | 122 | 200 |
| ಹೊಲದ ಕೆಲಸ | 28 | 172 | 200 |

ಕಲ್ಲಿನವರಲ್ಲಿ ನೂರಕ್ಕೆ 39 ಜನರಿಗೆ ಕೆಮ್ಮು, ಹೊಲದವರಲ್ಲಿ ನೂರಕ್ಕೆ 14. ಭಾಗಿಸಿದರೆ ಸುಮಾರು 2.8. ಇದು ಅಪಾಯದ ಅನುಪಾತ. ಕಲ್ಲಿನ ಕೆಲಸದವರಿಗೆ ಕೆಮ್ಮಿನ ಅಪಾಯ ಹೆಚ್ಚುಕಡಿಮೆ ಮೂರು ಪಟ್ಟು ಅಂದ ಹಾಗಾಯಿತು.

ಈಗ ಇದೇ 400 ಜನರನ್ನು ಬೀಡಿಯ ಪ್ರಕಾರ ಎರಡು ಪಾಲು ಮಾಡಿ, ಪ್ರತಿ ಪಾಲಿಗೂ ಒಂದೊಂದು ಕೋಷ್ಟಕ ಬರೆಯೋಣ.

ಬೀಡಿ ಸೇದುವವರು:

| | ಕೆಮ್ಮು ಇದೆ | ಇಲ್ಲ | ಒಟ್ಟು |
|---|---|---|---|
| ಕಲ್ಲಿನ ಕೆಲಸ | 72 | 88 | 160 |
| ಹೊಲದ ಕೆಲಸ | 12 | 28 | 40 |

ಬೀಡಿ ಸೇದದವರು:

| | ಕೆಮ್ಮು ಇದೆ | ಇಲ್ಲ | ಒಟ್ಟು |
|---|---|---|---|
| ಕಲ್ಲಿನ ಕೆಲಸ | 6 | 34 | 40 |
| ಹೊಲದ ಕೆಲಸ | 16 | 144 | 160 |

ಸೇದುವವರಲ್ಲಿ 45ಕ್ಕೆ 30, ಅಂದರೆ 1.5. ಸೇದದವರಲ್ಲಿ 15ಕ್ಕೆ 10, ಅಲ್ಲೂ 1.5. ಎರಡೂ ಪಾಲು ಒಂದೇ ಮಾತು ಹೇಳುತ್ತಿವೆ. ಒಟ್ಟು ಕೋಷ್ಟಕ ಮಾತ್ರ 2.8 ಅನ್ನುತ್ತಿದೆ. ಎರಡು ಪಾಲಿನಲ್ಲೂ 1.5 ಇದ್ದದ್ದು ಸೇರಿಸಿದ ಕೂಡಲೇ 2.8 ಆಗುವುದು ಹೇಗೆ?

ಕೊನೆಯ ಕಾಲಂ ನೋಡಿ. ಕಲ್ಲಿನ 200 ಜನರಲ್ಲಿ ಬೀಡಿ ಸೇದುವವರು 160. ಹೊಲದ 200 ಜನರಲ್ಲಿ ಬರೀ 40. ಇನ್ನು ಧೂಳೇ ಇಲ್ಲದ ಹೊಲದವರನ್ನಷ್ಟೇ ನೋಡಿದರೂ ಸೇದುವವರಲ್ಲಿ ನೂರಕ್ಕೆ 30 ಜನರಿಗೆ ಕೆಮ್ಮು, ಸೇದದವರಲ್ಲಿ 10. ಬೀಡಿ ತನ್ನಷ್ಟಕ್ಕೆ ತಾನೇ ಕೆಮ್ಮು ತರುತ್ತದೆ, ಜೊತೆಗೆ ಕಲ್ಲಿನ ಕೆಲಸದವರಲ್ಲೇ ಜಾಸ್ತಿ ಇದೆ. ಈ ಎರಡೂ ಸೇರಿದಾಗ ಕಲ್ಲಿನವರ ಕೆಮ್ಮಿನಲ್ಲಿ ಬೀಡಿಯ ಪಾಲೂ ಬೆರೆತು ಎಲ್ಲವೂ ಧೂಳಿನ ತಲೆಗೆ ಬರುತ್ತದೆ. ಇದೇ ಕನ್‌ಫೌಂಡಿಂಗ್. ಗುರುತು ಸರಳ: ಪಾಲುಗಳ ಉತ್ತರ ತಮ್ಮತಮ್ಮಲ್ಲಿ ಒಂದೇ, ಒಟ್ಟಿನ ಉತ್ತರ ಮಾತ್ರ ಬೇರೆ.

ಹೀಗಿದ್ದಾಗ ಎರಡು ಪಾಲನ್ನೂ ತೂಗಿ ಒಂದೇ ಸಂಖ್ಯೆ ಕೊಡಬಹುದು. ಅದಕ್ಕೆ ನೇಥನ್ ಮ್ಯಾಂಟೆಲ್ ಮತ್ತು ವಿಲಿಯಂ ಹೆನ್ಸೆಲ್ 1959ರಲ್ಲಿ ಕೊಟ್ಟ ದಾರಿ ಇಂದಿಗೂ ಬಳಕೆಯಲ್ಲಿದೆ. ಅದನ್ನು ಅಪಾಯದ ಅನುಪಾತಕ್ಕೆ ಹೊಂದಿಸಿಕೊಂಡರೆ, ಪ್ರತಿ ಪಾಲಿನಲ್ಲಿ ಕಲ್ಲಿನವರ ಕೆಮ್ಮನ್ನು ಹೊಲದವರ ಒಟ್ಟಿನಿಂದ ಗುಣಿಸಿ, ಆ ಪಾಲಿನ ಜನಸಂಖ್ಯೆಯಿಂದ ಭಾಗಿಸಬೇಕು. ಸೇದುವವರಲ್ಲಿ 72 × 40 ÷ 200 = 14.4, ಸೇದದವರಲ್ಲಿ 6 × 160 ÷ 200 = 4.8, ಕೂಡಿದರೆ 19.2. ಹೊಲದವರ ಕೆಮ್ಮನ್ನು ಕಲ್ಲಿನವರ ಒಟ್ಟಿನಿಂದ ಹೀಗೇ ಗುಣಿಸಿ ಭಾಗಿಸಿದರೆ 9.6 ಮತ್ತು 3.2, ಕೂಡಿದರೆ 12.8. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ: 1.5. ಗಮನಿಸಿ, ಬೀಡಿಯನ್ನು ಲೆಕ್ಕಕ್ಕೆ ಹಿಡಿದ ಮೇಲೂ ಧೂಳು ಪೂರ್ತಿ ಪಾರಾಗಲಿಲ್ಲ. ಅದರ ಪಾಲು ಕಡಿಮೆಯಾಯಿತು, ಅಷ್ಟೇ.

ಈಗ ಎರಡನೆಯ ಊರು. ಇಲ್ಲಿ ಕಲ್ಲಿನವರಲ್ಲೂ ಹೊಲದವರಲ್ಲೂ ಅರ್ಧಕ್ಕರ್ಧ ಬೀಡಿ ಸೇದುತ್ತಾರೆ, ನೂರು ನೂರು ಜನ. ಒಟ್ಟು ನೋಡಿದರೆ ಕಲ್ಲಿನ 200ರಲ್ಲಿ 72 ಜನರಿಗೆ, ಹೊಲದ 200ರಲ್ಲಿ 30 ಜನರಿಗೆ ಕೆಮ್ಮು. ಅನುಪಾತ 2.4. ಪಾಲು ಮಾಡಿದರೆ ಹೀಗೆ:

| | ಕಲ್ಲಿನವರು, 100ಕ್ಕೆ | ಹೊಲದವರು, 100ಕ್ಕೆ | ಅನುಪಾತ |
|---|---|---|---|
| ಬೀಡಿ ಸೇದುವವರು | 60 | 20 | 3.0 |
| ಬೀಡಿ ಸೇದದವರು | 12 | 10 | 1.2 |

ಇಲ್ಲಿ ಪಾಲುಗಳೇ ಒಂದನ್ನೊಂದು ಒಪ್ಪುತ್ತಿಲ್ಲ. ಸೇದದವರಲ್ಲಿ ಧೂಳಿನ ಪರಿಣಾಮ ಇದೆಯೋ ಇಲ್ಲವೋ ಅನ್ನುವಷ್ಟು. ಸೇದುವವರಲ್ಲಿ ಮೂರು ಪಟ್ಟು. ಇದು ಎಫೆಕ್ಟ್ ಮಾಡಿಫಿಕೇಶನ್. ಒಟ್ಟಿನ 2.4 ಲೆಕ್ಕದ ಪ್ರಕಾರ ತಪ್ಪಲ್ಲ, ಆದರೆ ಅದು ಈ ಊರಿನ ಯಾರ ಪಾಡನ್ನೂ ಹೇಳುವುದಿಲ್ಲ.

ತುಂಬಾ ಜನ ಎಡವುವುದು ಇಲ್ಲೇ. ಮ್ಯಾಂಟೆಲ್-ಹೆನ್ಸೆಲ್ ಲೆಕ್ಕವನ್ನು ಈ ಊರಿಗೂ ಹಾಕಿ ನೋಡಿ. ಮೇಲೆ 30 + 6 = 36, ಕೆಳಗೆ 10 + 5 = 15. ಉತ್ತರ 2.4. ಬೀಡಿಯನ್ನು ಲೆಕ್ಕಕ್ಕೆ ಹಿಡಿಯುವ ಮುಂಚೆಯೂ 2.4, ಹಿಡಿದ ಮೇಲೂ 2.4. ಈ ಎರಡು ಸಂಖ್ಯೆಯನ್ನಷ್ಟೇ ನೋಡುವವರು “ಏನೂ ಬದಲಾಗಲಿಲ್ಲ, ಬೀಡಿಯನ್ನು ಬಿಟ್ಟರೂ ನಡೆಯುತ್ತದೆ” ಅಂದುಬಿಡುತ್ತಾರೆ. ಬದಲಾಗದೇ ಇರುವುದರಿಂದ ಇಲ್ಲಿ ಕನ್‌ಫೌಂಡಿಂಗ್ ಇಲ್ಲ ಅಂತ ಮಾತ್ರ ತಿಳಿಯುತ್ತದೆ. ಈ ಅಂಕಿಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ, ಅಂದರೆ 3.0 ಮತ್ತು 1.2ರ ನಡುವಿನ ಅಂತರ, ಸರಾಸರಿಯೊಳಗೆ ಮುಚ್ಚಿಹೋಗುತ್ತದೆ. ಹಾಗಾಗಿ ಮೊದಲು ಪಾಲನ್ನು ಪಾಲಿನ ಜೊತೆ ಹೋಲಿಸಬೇಕು. ಅವು ಒಂದನ್ನೊಂದು ಒಪ್ಪಿದರೆ ಮಾತ್ರ ಒಟ್ಟಿನ ಜೊತೆ ಹೋಲಿಸುವ ಮಾತು. ಒಪ್ಪದಿದ್ದರೆ ಎರಡು ಸಂಖ್ಯೆಯನ್ನೂ ಬೇರೆಬೇರೆಯಾಗಿಯೇ ಬರೆಯಬೇಕು.

ಒಂದೇ ಊರಿನಲ್ಲಿ ಕನ್‌ಫೌಂಡಿಂಗ್, ಎಫೆಕ್ಟ್ ಮಾಡಿಫಿಕೇಶನ್ ಎರಡೂ ಒಟ್ಟಿಗೆ ಇರಲೂಬಹುದು. ಕಲಿಕೆಗೆ ಸುಲಭ ಅಂತ ನಾನು ಬೇರೆ ಮಾಡಿದ್ದೇನೆ.

ಆದರೆ 3.0 ಮತ್ತು 1.2 ನಿಜವಾಗಲೂ ಬೇರೆಯೇ? ಸೇದದವರ ಪಾಲಿನಲ್ಲಿ ಕೆಮ್ಮಿದವರು 12 ಮತ್ತು 10 ಜನ. ಇಬ್ಬರು ಆಚೀಚೆ ಆದರೆ ಅನುಪಾತ ಅಲ್ಲಾಡಿಹೋಗುತ್ತದೆ. ಲೆಕ್ಕ ಹಾಕಿದರೆ ಆ 1.2ರ 95 ಶೇಕಡಾ ವಿಶ್ವಾಸದ ವ್ಯಾಪ್ತಿ, ಅಂದರೆ ನಿಜವಾದ ಅನುಪಾತ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅನ್ನುವ ಅಂದಾಜು, ಸುಮಾರು 0.5ರಿಂದ 2.6. ಸೇದುವವರ 3.0ಗೆ ಸುಮಾರು 2.0ರಿಂದ 4.6. ಎರಡೂ ಸ್ವಲ್ಪ ಒಂದರ ಮೇಲೊಂದು ಬರುತ್ತವೆ. ಹಾಗಂತ ವ್ಯತ್ಯಾಸವೇ ಇಲ್ಲ ಅನ್ನಬಾರದು. ಸರಿಯಾದ ಕ್ರಮ ಅಂದರೆ ಎರಡು ಅನುಪಾತಗಳನ್ನೇ ಭಾಗಿಸಿ ನೋಡುವುದು: 3.0 ÷ 1.2 = 2.5. ಪಾಲುಗಳಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ ಇದು ಒಂದು ಆಗಬೇಕು. ಇದರ ವ್ಯಾಪ್ತಿ ಒಂದಕ್ಕಿಂತ ಕೂದಲೆಳೆ ಮೇಲಿನಿಂದ ಹಿಡಿದು ಸುಮಾರು 6ರವರೆಗೆ. ಅಂದರೆ 400 ಜನರ ಸರ್ವೆಯಲ್ಲಿ, ಇಷ್ಟು ದೊಡ್ಡದಾಗಿ ಕಾಣುವ ಅಂತರವೂ ಅಂಚಿನಲ್ಲೇ ನಿಲ್ಲುತ್ತದೆ. ಪಾಲುಗಳು ಬೇರೆ ಅಂತ ತೋರಿಸಲು ಜಾಸ್ತಿ ಜನ ಬೇಕು. ಸಣ್ಣ ಸರ್ವೆಯಲ್ಲಿ ವ್ಯತ್ಯಾಸ ಸಿಗಲಿಲ್ಲ ಎಂದರೆ ವ್ಯತ್ಯಾಸ ಇಲ್ಲ ಎಂದಲ್ಲ.

ಇನ್ನೊಂದು ಸಂಗತಿ ಉಳಿದಿದೆ. ಎಷ್ಟೋ ಬೇಸಿಕ್ ಪಾಠಗಳಲ್ಲಿ ಇದನ್ನು ದಾಟಿಬಿಡುತ್ತಾರೆ, ನನಗಂತೂ ಇದೇ ಹೆಚ್ಚು ತೂಕದ್ದು ಅನಿಸುತ್ತದೆ. ಮೊದಲ ಊರಿಗೆ ವಾಪಸ್ ಬನ್ನಿ. ಎರಡೂ ಪಾಲಿನಲ್ಲಿ 1.5 ಬಂತು, ಬೀಡಿ ಧೂಳಿನ ಪರಿಣಾಮವನ್ನು ಬದಲಿಸುವುದಿಲ್ಲ ಅಂದೆವು. ಈಗ ಭಾಗಿಸುವ ಬದಲು ಕಳೆದು ನೋಡಿ. ಸೇದದವರಲ್ಲಿ 15ರಲ್ಲಿ 10 ಕಳೆದರೆ ನೂರಕ್ಕೆ 5 ಜನ ಹೆಚ್ಚು. ಸೇದುವವರಲ್ಲಿ 45ರಲ್ಲಿ 30 ಕಳೆದರೆ ನೂರಕ್ಕೆ 15 ಜನ. ಅದೇ ಜನ, ಅದೇ ಕೋಷ್ಟಕ. ಭಾಗಿಸಿದರೆ ಮಾಡಿಫಿಕೇಶನ್ ಇಲ್ಲ, ಕಳೆದರೆ ಇದೆ.

ಇದು ಬರೀ ಅಂಕಿಯಾಟ ಅಂದುಕೊಳ್ಳಬೇಡಿ. ಅಮೆರಿಕ ಮತ್ತು ಕೆನಡಾದ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಕೆಲಸಗಾರರ ಬಗ್ಗೆ ಹ್ಯಾಮಂಡ್, ಸೆಲಿಕಾಫ್, ಸೀಡ್‌ಮನ್ 1979ರಲ್ಲಿ ಪ್ರಕಟಿಸಿದ ಅಂಕಿಗಳು ಈ ಕ್ಷೇತ್ರದಲ್ಲಿ ಹೆಸರಾದವು. ವರ್ಷಕ್ಕೆ ಲಕ್ಷ ಜನರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸತ್ತವರು: ಕಲ್ನಾರೂ ಇಲ್ಲ, ಸಿಗರೇಟೂ ಇಲ್ಲ ಎನ್ನುವವರಲ್ಲಿ 11.3, ಕಲ್ನಾರು ಮಾತ್ರ ಇದ್ದವರಲ್ಲಿ 58.4; ಸಿಗರೇಟು ಮಾತ್ರ ಇದ್ದವರಲ್ಲಿ 122.6, ಎರಡೂ ಇದ್ದವರಲ್ಲಿ 601.6. ಭಾಗಿಸಿದರೆ ಕಲ್ನಾರಿನ ಅನುಪಾತ ಸೇದದವರಲ್ಲಿ 5.2, ಸೇದುವವರಲ್ಲಿ 4.9. ಹೆಚ್ಚುಕಡಿಮೆ ಒಂದೇ. ಕಳೆದರೆ ಸೇದದವರಲ್ಲಿ ಲಕ್ಷಕ್ಕೆ 47 ಹೆಚ್ಚು ಸಾವು, ಸೇದುವವರಲ್ಲಿ 479. ಹತ್ತು ಪಟ್ಟು.

ಯಾವುದು ಸರಿ ಅಂತ ಕೇಳಿದರೆ, ಪ್ರಶ್ನೆ ಏನು ಅನ್ನುವುದರ ಮೇಲೆ ಹೋಗುತ್ತದೆ. ಮಾಸ್ಕ್ ಹಂಚಲು ದುಡ್ಡು ಅರ್ಧ ಜನರಿಗಷ್ಟೇ ಸಾಕಾಗುತ್ತದೆ, ಯಾರಿಗೆ ಮೊದಲು ಕೊಟ್ಟರೆ ಜಾಸ್ತಿ ಜನ ಕೆಮ್ಮಿನಿಂದ ಉಳಿಯುತ್ತಾರೆ ಅಂತ ಕೇಳಿದರೆ ಕಳೆದ ಲೆಕ್ಕವೇ ಬೇಕು, ಯಾಕೆಂದರೆ ಎಣಿಸಬೇಕಾದ್ದು ತಲೆಗಳನ್ನು. ಆದ್ದರಿಂದ “ಎಫೆಕ್ಟ್ ಮಾಡಿಫಿಕೇಶನ್ ಇಲ್ಲ” ಅಂತ ಯಾರಾದರೂ ಬರೆದರೆ, ಭಾಗಿಸಿ ನೋಡಿದ್ದೋ ಕಳೆದು ನೋಡಿದ್ದೋ ಅಂತಲೂ ಬರೆದಿರಬೇಕು. ಕನ್‌ಫೌಂಡಿಂಗ್ ಬಗ್ಗೆ ಇಂಥ ತಕರಾರಿಲ್ಲ. ಎರಡೂ ಕಡೆ ಬೀಡಿಯ ಹಂಚಿಕೆ ಸಮ ಇದ್ದರೆ ಭಾಗಿಸಿದರೂ ಕಳೆದರೂ ಅದು ಇರುವುದಿಲ್ಲ.

ಕೊನೆಗೆ, ಕೋಷ್ಟಕ ಎಷ್ಟು ನೋಡಿದರೂ ಹೇಳಲಾಗದ ಒಂದು ವಿಷಯ. ಮೊದಲ ಊರಿನಲ್ಲಿ ಬೀಡಿಯನ್ನು ಕನ್‌ಫೌಂಡರ್ ಅಂದದ್ದು, ಕಲ್ಲಿನ ಕೆಲಸಕ್ಕೆ ಸೇರುವ ಮುಂಚೆಯೇ ಆ 160 ಜನ ಬೀಡಿ ಸೇದುತ್ತಿದ್ದರು ಎಂಬ ನಂಬಿಕೆಯಿಂದ. ಕೆಲಸಕ್ಕೆ ಸೇರಿದ ಮೇಲೆ, ಜೊತೆಯವರು ಕೊಟ್ಟರು ಅಂತ ಅಲ್ಲೇ ಚಟ ಹತ್ತಿಸಿಕೊಂಡಿದ್ದರೆ? ಆಗ ಬೀಡಿಯೂ ಆ ಕೆಲಸ ತಂದ ಹಾನಿಯ ದಾರಿಯಲ್ಲೇ ಬರುತ್ತದೆ. ಬೀಡಿಯ ಪಾಲನ್ನು ಕಳಚಿ 1.5 ಅಂದರೆ ಆ ಕೆಲಸದ ಒಟ್ಟು ಹಾನಿಯನ್ನು ಕಡಿಮೆ ತೋರಿಸಿದಂತೆ. ಎರಡೂ ಸಂದರ್ಭದಲ್ಲಿ ಕೋಷ್ಟಕದ ಅಂಕಿ ಒಂದೂ ಬದಲಾಗುವುದಿಲ್ಲ. ಹಾಗಾಗಿ ಸರ್ವೆ ಫಾರ್ಮಿನಲ್ಲಿ “ಬೀಡಿ ಸೇದುತ್ತೀರಾ?” ಅಂತ ಕೇಳಿ ಬಿಟ್ಟರೆ ಸಾಲದು. ಸೇದಲು ಶುರು ಮಾಡಿದ್ದು ಯಾವ ವಯಸ್ಸಿನಲ್ಲಿ, ಕಲ್ಲಿನ ಕೆಲಸಕ್ಕೆ ಬಂದದ್ದು ಯಾವ ವಯಸ್ಸಿನಲ್ಲಿ ಅಂತ ಎರಡನ್ನೂ ಕೇಳಿ ಬರೆದುಕೊಳ್ಳಬೇಕು.